ಎರಡು ದೇಶ, ಎರಡು ವರ್ಷ: ಕೈಗೆ ಬರುವುದು ಒಂದು ಪದವಿಯೇ, ಎರಡೇ?

ಡಿಗ್ರಿ ಮುಗಿಸಿದ ಮಕ್ಕಳಿರುವ ಮನೆಗಳಲ್ಲಿ ಈಗ ವಾಟ್ಸ್‌ಆ್ಯಪ್‌ಗೆ ಬರುವ ಜಾಹೀರಾತುಗಳ ಧಾಟಿ ಹೆಚ್ಚುಕಡಿಮೆ ಒಂದೇ: ಎರಡು ವರ್ಷದಲ್ಲಿ ಎರಡು ದೇಶದ ಎರಡು ಮಾಸ್ಟರ್ಸ್. ಮಂಜೇಶ್ವರದಲ್ಲಿರುವ ಮಗಳು ಅದನ್ನು ದುಬೈಯಲ್ಲಿರುವ ತಂದೆಗೆ ಕಳಿಸುತ್ತಾಳೆ. ತಂದೆ ನೋಡಿ, "ಒಂದು ಫೀಸಿಗೆ ಎರಡು ಡಿಗ್ರಿ ಸಿಗ್ತದಾ?" ಅಂತ ಕೇಳುತ್ತಾರೆ. ಪ್ರಶ್ನೆ ಸರಿಯಾದದ್ದೇ. ಆದರೆ ಉತ್ತರ ಹೌದು-ಅಲ್ಲ ಅನ್ನುವಷ್ಟು ಸರಳವಲ್ಲ. ಲಕ್ಷಗಟ್ಟಲೆ ಹಣ ಕಟ್ಟುವ ಮೊದಲು ಒಂದು ವಿಷಯ ಗೊತ್ತಿರಬೇಕು. ಕೊನೆಗೆ ಕೈಗೆ ಬರುವ ಕಾಗದ ಯಾವುದು, ಅದಕ್ಕೆ ಸಹಿ ಹಾಕುವವರು ಯಾರು?

ಮೊದಲು ಸಾಮಾನ್ಯ ಮಾಸ್ಟರ್ಸ್ ನೋಡೋಣ. ಅದನ್ನು ಒಂದೇ ವಿಶ್ವವಿದ್ಯಾನಿಲಯ ಕೊಡುತ್ತದೆ. ಸೇರಿಸಿಕೊಳ್ಳುವುದು, ಪಾಠ, ಪರೀಕ್ಷೆ, ಅಂಕ, ಪದವಿ, ಎಲ್ಲವೂ ಅದರದ್ದೇ. ಓದಿನ ಮಧ್ಯೆ ಒಂದು ಸೆಮಿಸ್ಟರ್ ಬೇರೆ ದೇಶಕ್ಕೆ ಹೋಗಿ ಬಂದರೂ (ಇದನ್ನು ಎಕ್ಸ್‌ಚೇಂಜ್ ಅನ್ನುತ್ತಾರೆ) ಪದವಿ ಕೊಡುವುದು ಮನೆಯ ವಿಶ್ವವಿದ್ಯಾನಿಲಯವೇ. ಹೋದ ಕಡೆಯಿಂದ ಒಂದು ಅಂಕಪಟ್ಟಿ ಬರುತ್ತದೆ, ಅಷ್ಟೇ. ಜಾಹೀರಾತಿನಲ್ಲಿ ವಿದೇಶಿ ಕ್ಯಾಂಪಸ್ಸಿನ ಫೋಟೊ ಇದ್ದ ಮಾತ್ರಕ್ಕೆ ಆ ಕ್ಯಾಂಪಸ್ ಪದವಿ ಕೊಡುತ್ತದೆ ಎಂದರ್ಥವಲ್ಲ.

ಡ್ಯುಯಲ್ ಡಿಗ್ರಿ ಹೇಗೆ ಎನ್ನುವುದಕ್ಕೆ ಪ್ಯಾರಿಸ್ ಮತ್ತು ಲಂಡನ್ ನಡುವಿನ ಒಂದು ಹಳೆಯ ಕೋರ್ಸ್ ಒಳ್ಳೆಯ ಉದಾಹರಣೆ. ಪ್ಯಾರಿಸಿನ ಸಿಯಾನ್ಸ್ ಪೋ ಮತ್ತು ಲಂಡನ್ ಸ್ಕೂಲ್ ಆಫ್ ಇಕನಾಮಿಕ್ಸ್ (ಎಲ್‌ಎಸ್‌ಇ) ಸೇರಿ ಅಂತರರಾಷ್ಟ್ರೀಯ ವ್ಯವಹಾರಗಳ ವಿಷಯದಲ್ಲಿ ಇದನ್ನು ನಡೆಸುತ್ತವೆ. ಮೊದಲ ವರ್ಷ ಪ್ಯಾರಿಸ್, ಎರಡನೇ ವರ್ಷ ಲಂಡನ್. ಪಾಸಾದವರಿಗೆ ಸಿಯಾನ್ಸ್ ಪೋದ ಒಂದು ಮಾಸ್ಟರ್ಸ್, ಎಲ್‌ಎಸ್‌ಇಯ ಒಂದು ಎಂಎಸ್ಸಿ, ಎರಡು ಬೇರೆ ಬೇರೆ ಸರ್ಟಿಫಿಕೇಟ್.

ಇಲ್ಲಿ ಲೆಕ್ಕ ಗಮನಿಸಬೇಕು. ಸಿಯಾನ್ಸ್ ಪೋದಲ್ಲಿ ಸಾಮಾನ್ಯ ಮಾಸ್ಟರ್ಸ್ ಎರಡು ವರ್ಷದ್ದು. ಎಲ್‌ಎಸ್‌ಇಯ ಎಂಎಸ್ಸಿ ಸಾಮಾನ್ಯವಾಗಿ ಒಂದು ವರ್ಷದ್ದು. ಎರಡನ್ನೂ ಪ್ರತ್ಯೇಕವಾಗಿ ಮಾಡಿದರೆ ಮೂರು ವರ್ಷ ಬೇಕು, ಡ್ಯುಯಲ್‌ನಲ್ಲಿ ಎರಡೇ ಸಾಕು. ಒಂದು ವರ್ಷ ಎಲ್ಲಿಗೆ ಹೋಯಿತು? ಯುರೋಪಿನಲ್ಲಿ ಒಂದು ವರ್ಷದ ಪೂರ್ಣಾವಧಿ ಓದಿಗೆ 60 ಕ್ರೆಡಿಟ್, ಎರಡು ವರ್ಷದ ಮಾಸ್ಟರ್ಸ್‌ಗೆ 120. ಪ್ಯಾರಿಸಿನ ಪದವಿಗೆ ಬೇಕಾದ ಎರಡನೇ ವರ್ಷವನ್ನು ವಿದ್ಯಾರ್ಥಿ ಪ್ಯಾರಿಸಿನಲ್ಲಿ ಓದುವುದೇ ಇಲ್ಲ. ಲಂಡನ್ನಿನಲ್ಲಿ ಓದಿದ ವರ್ಷವನ್ನೇ ಸಿಯಾನ್ಸ್ ಪೋ ತನ್ನ ಎರಡನೇ ವರ್ಷ ಎಂದು ಒಪ್ಪಿಕೊಳ್ಳುತ್ತದೆ. ಅಂದರೆ ಲಂಡನ್ನಿನ ಒಂದೇ ವರ್ಷ ಎರಡೂ ಪುಸ್ತಕದಲ್ಲಿ ಜಮೆ ಆಗುತ್ತದೆ.

ಇದು ಮೋಸವಲ್ಲ. ಎರಡು ಸಂಸ್ಥೆಗಳ ಒಪ್ಪಂದದಲ್ಲೇ ಬರೆದಿರುವ ವ್ಯವಸ್ಥೆ. ಆದರೆ ಇದರಿಂದ ಆಗುವ ಪರಿಣಾಮ ಇದೆ: ಸರ್ಟಿಫಿಕೇಟ್ ಎರಡಾದರೂ ಓದು ಎರಡು ವರ್ಷದ್ದೇ. ಮುಂದೆ ಪಿಎಚ್‌ಡಿಗೋ ಕೆಲಸಕ್ಕೋ ಅರ್ಜಿ ಹಾಕುವಾಗ ಎರಡು ಸ್ವತಂತ್ರ ಮಾಸ್ಟರ್ಸ್ ಎಂಬಂತೆ ಬರೆದರೆ, ಅಂಕಪಟ್ಟಿ ತೆಗೆದು ನೋಡಿದವರಿಗೆ ಒಂದೇ ವರ್ಷ ಎರಡು ಕಡೆ ಕಾಣುತ್ತದೆ. ಡ್ಯುಯಲ್ ಡಿಗ್ರಿ ಎಂದೇ ಬರೆದರೆ ಯಾವ ತಕರಾರೂ ಇಲ್ಲ.

ಕಷ್ಟ ಬರುವುದು ಮಧ್ಯದಲ್ಲಿ ನಿಂತಾಗ. ಪ್ಯಾರಿಸಿನ ಒಂದು ವರ್ಷ ಮುಗಿಸಿ, ಹಣದ ಕಾರಣಕ್ಕೋ ಮನೆಯ ಕಾರಣಕ್ಕೋ ಲಂಡನ್‌ಗೆ ಹೋಗಲಾಗಲಿಲ್ಲ ಅಂತಿಟ್ಟುಕೊಳ್ಳಿ. ಆಗ ಕೈಯಲ್ಲಿ ಪದವಿ ಇಲ್ಲ. ಪ್ಯಾರಿಸಿನ ಮಾಸ್ಟರ್ಸ್‌ಗೆ ಎರಡು ವರ್ಷ ಬೇಕು, ಆಗಿರುವುದು ಒಂದೇ. ಲಂಡನ್ನಿನ ಭಾಗ ಶುರುವೇ ಆಗಿಲ್ಲ. ಸಾಮಾನ್ಯ ಒಂದು ವರ್ಷದ ಎಂಎಸ್ಸಿಗೆ ಸೇರಿದವರು ಅಷ್ಟರೊಳಗೆ ಪದವಿ ಹಿಡಿದು ಮನೆಗೆ ಬಂದಿರುತ್ತಾರೆ. ಹಾಗೆಯೇ ಕೊನೆಯ ವರ್ಷದ ಪ್ರಬಂಧದಲ್ಲಿ ಫೇಲಾದರೆ ಒಂದು ಪದವಿ ಮಾತ್ರ ನಿಲ್ಲುತ್ತದೆಯೋ, ಎರಡೂ ನಿಲ್ಲುತ್ತವೆಯೋ ಎಂಬುದು ಒಪ್ಪಂದದ ಮೇಲೆ ಹೋಗುತ್ತದೆ. ಕೆಲವು ಕೋರ್ಸ್‌ಗಳಲ್ಲಿ ಮಧ್ಯದಲ್ಲಿ ಬಿಟ್ಟವರನ್ನು ಒಂದೇ ವಿಶ್ವವಿದ್ಯಾನಿಲಯದ ಸಾಮಾನ್ಯ ಮಾಸ್ಟರ್ಸ್‌ಗೆ ಬದಲಾಯಿಸಿಕೊಡುವ ದಾರಿ ಇರುತ್ತದೆ, ಕೆಲವದರಲ್ಲಿ ಇರುವುದಿಲ್ಲ. ಬ್ರೋಷರ್‌ನಲ್ಲಿ ಇದು ಸಿಗುವುದು ಅಪರೂಪ. ಕೋರ್ಸಿನ ನಿಯಮಾವಳಿಯಲ್ಲಿ ಹುಡುಕಬೇಕು, ಇಲ್ಲವಾದರೆ ಇಮೇಲ್ ಮಾಡಿ ಲಿಖಿತವಾಗಿ ಕೇಳಬೇಕು.

ವೀಸಾದಲ್ಲೂ ಅಷ್ಟೇ, ಪದವಿ ಜೋಡಿಯಾದರೂ ಸರಕಾರಗಳು ಜೋಡಿಯಾಗಿಲ್ಲ. ಫ್ರಾನ್ಸಿನ ವಿದ್ಯಾರ್ಥಿ ವೀಸಾ ಹಿಡಿದು ಲಂಡನ್‌ಗೆ ಓದಲು ಹೋಗಲಾಗುವುದಿಲ್ಲ. ಎರಡನೇ ವರ್ಷಕ್ಕೆ ಬೇರೆ ಅರ್ಜಿ, ಬೇರೆ ಶುಲ್ಕ. ಸಾಮಾನ್ಯವಾಗಿ ಕೋರ್ಸ್ ಫೀಸಿನ ಬಾಕಿ ಮತ್ತು ಒಂಬತ್ತು ತಿಂಗಳವರೆಗಿನ ಖರ್ಚಿನ ಹಣ 28 ದಿನ ಸತತವಾಗಿ ಖಾತೆಯಲ್ಲಿತ್ತು ಎಂದು ತೋರಿಸಬೇಕು. ಮೊದಲ ವರ್ಷಕ್ಕೆ ಚಿನ್ನ ಅಡವಿಟ್ಟು ಹೇಗೋ ಹೊಂದಿಸಿದ ಮನೆಯವರು ಎಡವುವುದು ಇಲ್ಲೇ. ಓದು ಮುಗಿದ ಮೇಲೆ ಬ್ರಿಟನ್ನಿನಲ್ಲಿ ಕೆಲಸ ಹುಡುಕಲು ಸಿಗುವ ಗ್ರಾಜುಯೇಟ್ ವೀಸಾಕ್ಕೂ ಷರತ್ತಿದೆ. 12 ತಿಂಗಳು ಅಥವಾ ಅದಕ್ಕಿಂತ ಕಡಿಮೆ ಅವಧಿಯ ಕೋರ್ಸಾದರೆ ಪೂರ್ತಿ ಅವಧಿ, ಅದಕ್ಕಿಂತ ಉದ್ದದ್ದಾದರೆ ಕನಿಷ್ಠ 12 ತಿಂಗಳು, ಬ್ರಿಟನ್ನಿನಲ್ಲೇ ಓದಿರಬೇಕು. ಡ್ಯುಯಲ್ ಕೋರ್ಸಿನ ಬ್ರಿಟನ್ ಭಾಗ ಈ ಷರತ್ತಿಗೆ ಹೊಂದುತ್ತದೆಯೇ ಎಂದು ಸೇರುವ ಮೊದಲೇ ಕೇಳಿಕೊಳ್ಳಬೇಕಾದದ್ದು ಇದಕ್ಕಾಗಿ.

ಜಾಯಿಂಟ್ ಡಿಗ್ರಿ, ಅಂದರೆ ಜಂಟಿ ಪದವಿ, ಬೇರೆಯೇ. ಇದರಲ್ಲಿ ಎರಡು ವಿಶ್ವವಿದ್ಯಾನಿಲಯಗಳು ಸೇರಿ ಒಂದೇ ಸರ್ಟಿಫಿಕೇಟ್ ಕೊಡುತ್ತವೆ. ಒಂದು ಕಾಗದ, ಎರಡು ಮುದ್ರೆ. ಹಾಗಾದರೆ ಎಲ್ಲರೂ ಇದನ್ನೇ ಯಾಕೆ ಮಾಡುವುದಿಲ್ಲ? ಪದವಿ ಕೊಡುವ ಅಧಿಕಾರವನ್ನು ವಿಶ್ವವಿದ್ಯಾನಿಲಯಕ್ಕೆ ಕೊಟ್ಟಿರುವುದು ಆಯಾ ದೇಶದ ಕಾನೂನು. ಬೇರೆ ದೇಶದ ಸಂಸ್ಥೆಯೊಂದಿಗೆ ಒಂದೇ ಕಾಗದಕ್ಕೆ ಸಹಿ ಹಾಕಲು ಆ ಕಾನೂನು ಬಿಡದಿದ್ದರೆ, ಒಂದೇ ಕೋರ್ಸನ್ನು ಕೂಡಿ ನಡೆಸಿದರೂ ಕೊನೆಗೆ ಎರಡು ಕಾಗದ ಕೊಡುವುದೇ ದಾರಿ. ಯುರೋಪಿಯನ್ ಒಕ್ಕೂಟದ ಎರಾಸ್ಮಸ್ ಮುಂಡುಸ್ ಜಂಟಿ ಮಾಸ್ಟರ್ಸ್‌ನಲ್ಲಿ ಹೆಸರು ಜಂಟಿ ಎಂದಿದ್ದರೂ ಒಂದು ಜಂಟಿ ಪದವಿ ಅಥವಾ ಹಲವು ಪದವಿ, ಎರಡಕ್ಕೂ ಅವಕಾಶ ಇಟ್ಟಿದ್ದಾರೆ.

ಎರಾಸ್ಮಸ್ ಮುಂಡುಸ್ ಬಗ್ಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ಹಣವಿಲ್ಲದವರಿಗೆ ಇದು ನಿಜವಾದ ದಾರಿ. ವಿದ್ಯಾರ್ಥಿವೇತನ ಸಿಕ್ಕವರಿಗೆ ತಿಂಗಳಿಗೆ 1400 ಯುರೋ, ಗರಿಷ್ಠ 24 ತಿಂಗಳು, ಕೋರ್ಸ್ ಫೀಸ್ ಇಲ್ಲ. ಪ್ರಯಾಣ, ವೀಸಾ, ಮನೆ ಬಾಡಿಗೆ ಎಲ್ಲ ಆ 1400ರಲ್ಲೇ ಸಾಗಬೇಕು. ಅರ್ಜಿಯನ್ನು ಆಯಾ ಕೋರ್ಸಿಗೇ ನೇರವಾಗಿ ಹಾಕಬೇಕು. ಹೆಚ್ಚಿನವು ಅಕ್ಟೋಬರ್‌ನಿಂದ ಜನವರಿಯ ನಡುವೆ ತೆರೆದಿರುತ್ತವೆ. ಇದಕ್ಕೆ ಏಜೆಂಟ್ ಬೇಕಾಗಿಲ್ಲ. ಆದರೆ ಸೀಟು ಸಿಕ್ಕಿ ವಿದ್ಯಾರ್ಥಿವೇತನ ಸಿಗದಿರುವುದೂ ಉಂಟು. ಬಂದ ಪತ್ರದಲ್ಲಿ ಸ್ವಂತ ಖರ್ಚು ಎಂದಿದೆಯೋ ಎಂದು ನೋಡಿಕೊಂಡೇ ಊರಿಗೆ ಸಿಹಿ ಹಂಚುವುದು ಒಳ್ಳೆಯದು.

ಭಾರತದ ಕಾಲೇಜುಗಳೂ ಈಗ ಇದೇ ಹೆಸರುಗಳನ್ನು ಬಳಸುತ್ತಿವೆ. ಇದಕ್ಕೆ ಯುಜಿಸಿ 2022ರಲ್ಲಿ ನಿಯಮಾವಳಿ ತಂದಿತು. ಅದರಲ್ಲಿ ಮೂರು ಬಗೆ. ಟ್ವಿನ್ನಿಂಗ್ ಎಂದರೆ ವಿದ್ಯಾರ್ಥಿ ಶೇ. 30ಕ್ಕಿಂತ ಹೆಚ್ಚಲ್ಲದ ಕ್ರೆಡಿಟ್ ವಿದೇಶದಲ್ಲಿ ಗಳಿಸುತ್ತಾನೆ, ಪದವಿ ಮಾತ್ರ ಭಾರತದ ಸಂಸ್ಥೆಯದ್ದೇ. ಜಾಯಿಂಟ್ ಡಿಗ್ರಿಯಲ್ಲಿ ಎರಡೂ ಕಡೆ ಕನಿಷ್ಠ ಶೇ. 30 ಓದಬೇಕು, ಸರ್ಟಿಫಿಕೇಟ್ ಒಂದೇ. ಡ್ಯುಯಲ್‌ನಲ್ಲಿ ಭಾರತದಲ್ಲಿ ಕನಿಷ್ಠ ಶೇ. 30, ಸರ್ಟಿಫಿಕೇಟ್ ಎರಡು. ಈ ನಿಯಮದಡಿ ಪಡೆದ ಪದವಿಗೆ ಭಾರತದಲ್ಲಿ ಬೇರೆ ತತ್ಸಮಾನ ಪ್ರಮಾಣಪತ್ರ ಬೇಡ. ಆನ್‌ಲೈನ್ ಮತ್ತು ದೂರಶಿಕ್ಷಣದ ಕೋರ್ಸ್‌ಗಳಿಗೆ ಈ ನಿಯಮ ಅನ್ವಯಿಸುವುದಿಲ್ಲ.

ಟ್ವಿನ್ನಿಂಗ್ ಅನ್ನು ಡ್ಯುಯಲ್ ಎಂದು ಹೇಳಿ ಸೀಟು ತುಂಬಿಸಲು ಹೊರಟವರನ್ನು ಒಂದೇ ಪ್ರಶ್ನೆಯಲ್ಲಿ ಹಿಡಿಯಬಹುದು: ವಿದೇಶಿ ವಿಶ್ವವಿದ್ಯಾನಿಲಯ ತನ್ನ ಹೆಸರಿನಲ್ಲಿ ಪದವಿ ಕೊಡುತ್ತದೆಯೇ? ಉತ್ತರ ನೇರವಾಗಿ ಬಾರದೆ ಇಂಟರ್‌ನ್ಯಾಶನಲ್ ಎಕ್ಸ್‌ಪೋಶರ್ ಎಂದು ಶುರುವಾದರೆ, ಕೈಗೆ ಬರುವುದು ಒಂದೇ ಪದವಿ. ಆ ವಿದೇಶಿ ವಿಶ್ವವಿದ್ಯಾನಿಲಯದ ಸ್ವಂತ ವೆಬ್‌ಸೈಟ್‌ನಲ್ಲಿ ಈ ಕೋರ್ಸಿನ ಹೆಸರು ಇದೆಯೇ ಎಂದೂ ನೋಡಬೇಕು.

ಇನ್ನೊಂದು ಗೊಂದಲ ಶಬ್ದದ್ದು. ಐಐಟಿಗಳಲ್ಲಿ ಬಿ.ಟೆಕ್., ಎಂ.ಟೆಕ್. ಸೇರಿಸಿ ಓದುವುದನ್ನೂ ಡ್ಯುಯಲ್ ಡಿಗ್ರಿ ಅನ್ನುತ್ತಾರೆ. ಒಟ್ಟಿಗೆ ಎರಡು ಬೇರೆ ಕೋರ್ಸ್ ಓದಲು ಯುಜಿಸಿ 2022ರಲ್ಲೇ ಅನುಮತಿ ಕೊಟ್ಟದ್ದೂ ಬೇರೆ ಸಂಗತಿ. ಇವೆರಡಕ್ಕೂ ಎರಡು ದೇಶದ ಡ್ಯುಯಲ್ ಡಿಗ್ರಿಗೂ ಸಂಬಂಧವಿಲ್ಲ.

ಎರಡೂ ವಿಶ್ವವಿದ್ಯಾನಿಲಯ ವಿದೇಶದವೇ ಆಗಿದ್ದರೆ (ಪ್ಯಾರಿಸ್-ಲಂಡನ್ನಿನ ಹಾಗೆ), ಭಾರತದಲ್ಲಿ ಸರಕಾರಿ ಕೆಲಸಕ್ಕೋ ಪಿಎಚ್‌ಡಿಗೋ ಸೇರುವಾಗ ತತ್ಸಮಾನತೆಯ ಪ್ರಮಾಣಪತ್ರ ಕೇಳುತ್ತಾರೆ. ಹಿಂದೆ ಇದಕ್ಕೆ ಎಐಯು ಕಡೆ ನೋಡಬೇಕಿತ್ತು. 2025ರಲ್ಲಿ ಯುಜಿಸಿ ತನ್ನದೇ ನಿಯಮಾವಳಿ ಹೊರಡಿಸಿದೆ. ಫ್ರಾಂಚೈಸಿ ಮೂಲಕ ಪಡೆದ ಪದವಿಗೆ ಅದರಲ್ಲಿ ಮಾನ್ಯತೆ ಇಲ್ಲ.

ನಮ್ಮ ಕಡೆಯವರಿಗೆ ಇದಕ್ಕಿಂತ ಹತ್ತಿರದ ವಿಷಯ ಗಲ್ಫ್. ಯುಎಇಯಲ್ಲಿ ಪದವಿ ಬೇಡುವ ಹುದ್ದೆಯ ವೀಸಾಕ್ಕೆ ಸರ್ಟಿಫಿಕೇಟ್ ಅಟೆಸ್ಟೇಶನ್ ಆಗಬೇಕು. ಅದು ಶುರುವಾಗುವುದು ಪದವಿ ಕೊಟ್ಟ ದೇಶದಲ್ಲಿ. ಮಂಗಳೂರಿನ ಪದವಿಗೆ ಭಾರತದಲ್ಲಿ ಮಾಡಿಸಿದ ಹಾಗೆ ಫ್ರಾನ್ಸಿನ ಕಾಗದಕ್ಕೆ ಫ್ರಾನ್ಸಿನಲ್ಲಿ, ಲಂಡನ್ನಿನ ಕಾಗದಕ್ಕೆ ಬ್ರಿಟನ್ನಿನಲ್ಲಿ. ಡ್ಯುಯಲ್ ಇದ್ದವರಿಗೆ ಇಲ್ಲೊಂದು ಅನುಕೂಲ ಇದೆ, ಕೆಲಸಕ್ಕೆ ಒಂದೇ ಮಾಸ್ಟರ್ಸ್ ಸಾಕಾದರೆ ಸುಲಭವಾದ ಒಂದನ್ನು ಮಾತ್ರ ಮಾಡಿಸಬಹುದು. ಜಂಟಿ ಪದವಿಯಲ್ಲಿ ಆ ಆಯ್ಕೆ ಇಲ್ಲ. ಎರಡು ಮುದ್ರೆ ಇರುವ ಒಂದೇ ಕಾಗದವನ್ನು ಯಾವ ದೇಶದ್ದೆಂದು ಪರಿಗಣಿಸಬೇಕು ಎಂಬ ಪ್ರಶ್ನೆ ಕೌಂಟರಿನಲ್ಲಿ ಏಳುತ್ತದೆ. ಕಾಗದವನ್ನು ಅಧಿಕೃತವಾಗಿ ಹೊರಡಿಸುವ ವಿಶ್ವವಿದ್ಯಾನಿಲಯ ಯಾವುದು ಎಂದು ಓದು ಮುಗಿಯುವ ಮೊದಲೇ ಪತ್ರದಲ್ಲಿ ಬರೆಸಿಕೊಂಡವರಿಗೆ ಓಡಾಟ ಕಡಿಮೆ.

ಅಂಕದ್ದೂ ಒಂದು ತಾಪತ್ರಯ. ಫ್ರಾನ್ಸಿನಲ್ಲಿ ಅಂಕ 20ಕ್ಕೆ, ಅಲ್ಲಿ 14 ಬಂದರೆ ಒಳ್ಳೆಯದು, 16 ಬಂದರೆ ಬಹಳ ಒಳ್ಳೆಯದು. ಬ್ರಿಟನ್ನಿನ ಮಾಸ್ಟರ್ಸ್‌ನಲ್ಲಿ ಸಾಮಾನ್ಯವಾಗಿ 50ಕ್ಕೆ ಪಾಸು, 70ಕ್ಕೆ ಡಿಸ್ಟಿಂಕ್ಷನ್. ಶೇ. 85 ನೋಡಿ ಅಭ್ಯಾಸವಾದ ನಮ್ಮ ಮನೆಗಳಲ್ಲಿ 14/20 ನೋಡಿ, "ಇಷ್ಟೆಯಾ?" ಅನ್ನುತ್ತಾರೆ. ಅದೇ ಅಂಕವನ್ನು ಊರಿನ ಅರ್ಜಿ ಫಾರಂನಲ್ಲಿ ಸುಮ್ಮನೆ ಶೇ. 70 ಎಂದು ತುಂಬಿದರೆ ನಷ್ಟ ವಿದ್ಯಾರ್ಥಿಗೇ. ಎರಡೂ ವಿಶ್ವವಿದ್ಯಾನಿಲಯಗಳಿಂದ ಅಂಕಪಟ್ಟಿಯ ಜೊತೆ ಅಂಕಕ್ರಮದ ವಿವರಣೆಯನ್ನೂ ಹೊರಡುವ ಮೊದಲೇ ಕೇಳಿ ಪಡೆದಿಟ್ಟುಕೊಳ್ಳಬೇಕು. ಊರಿಗೆ ಬಂದ ಮೇಲೆ ಅಲ್ಲಿಂದ ಒಂದು ಕಾಗದ ತರಿಸಲು ಎಷ್ಟು ಇಮೇಲ್ ಬೇಕು ಎನ್ನುವುದು ತರಿಸಿದವರಿಗೇ ಗೊತ್ತು.