ಚಾರ್ಜಿಂಗ್ ಪಿನ್ನಿನ ಕಿಲುಬು: ಕಾರಣವೂ ಶುಚಿಗೊಳಿಸುವ ಕ್ರಮವೂ

ಆರಿದ್ರಾ ಮಳೆ ಹಿಡಿದ ಮೇಲೆ ನಮ್ಮ ಮಲೆನಾಡಿನ ಮನೆಗಳಲ್ಲಿ ಬೆಂಕಿಪೊಟ್ಟಣವೂ ಮೆತ್ತಗಾಗುವುದು ಎಲ್ಲರಿಗೂ ತಿಳಿದ ಸಂಗತಿ. ಇದೇ ದಿನಗಳಲ್ಲಿ ಬೆನ್ನಿಗೆ ಹಾಕುವ ಬ್ಯಾಟರಿ ಸ್ಪ್ರೇಯರುಗಳ ಚಾರ್ಜಿಂಗ್ ಪಿನ್ನಿಗೆ ಹಸಿರು ಅಥವಾ ಬಿಳಿ ಪುಡಿ ಹಿಡಿಯುತ್ತದೆ. ಸದಸ್ಯ ಬಾಂಧವರು ಹಲವರು ಇದನ್ನು ಬ್ಯಾಟರಿಯ ದೋಷವೆಂದು ತಿಳಿದು ಹೊಸ ಬ್ಯಾಟರಿಗೆ ಹಣ ತೆರುತ್ತಾರೆ. ಇನ್ನು ಕೆಲವರು ಪಿನ್ನನ್ನು ಸೂಜಿಯಿಂದ ಕೆರೆದು ಯಂತ್ರವನ್ನೇ ಕೆಡಿಸಿಕೊಳ್ಳುತ್ತಾರೆ. ಆದುದರಿಂದ ಈ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಸಬಯಸುತ್ತೇವೆ.

ನಾವು ಕಂಡ ಒಂದು ಸ್ಪ್ರೇಯರ್

ಮಳೆ ಎರಡು ದಿನ ಬಿಡುವು ಕೊಟ್ಟಾಗ ಕಾಳುಮೆಣಸಿನ ಬಳ್ಳಿಗೆ ಬೋರ್ಡೋ ದ್ರಾವಣ ಸಿಂಪಡಿಸಲು ಸದಸ್ಯರೊಬ್ಬರು ಸಿದ್ಧರಾದರು. ಹಿಂದಿನ ರಾತ್ರಿ ಸ್ಪ್ರೇಯರನ್ನು ಚಾರ್ಜಿಗೆ ಹಾಕಿದ್ದರು. ಚಾರ್ಜರಿನ ದೀಪ ಹಾಕಿದ ಕೂಡಲೇ ಹಸಿರಾಯಿತು. ಬ್ಯಾಟರಿ ತುಂಬಿಯೇ ಇದೆಯೆಂದು ಅವರು ನಂಬಿದರು. ಬೆಳಿಗ್ಗೆ ಅರ್ಧ ಟ್ಯಾಂಕು ಮುಗಿಯುವುದರೊಳಗೆ ಯಂತ್ರ ನಿಂತಿತು. ಅದನ್ನು ನಮ್ಮಲ್ಲಿಗೆ ತಂದಾಗ ನೋಡಿದರೆ, ಚಾರ್ಜಿಂಗ್ ತೂತಿನ ರಬ್ಬರ್ ಮುಚ್ಚಳ ಕಿತ್ತುಹೋಗಿತ್ತು. ಒಳಗಿನ ನಡುಕಡ್ಡಿಯ ಸುತ್ತ ಹಸಿರು ಕಿಲುಬು ಗಟ್ಟಿಯಾಗಿ ಕೂತಿತ್ತು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ ದೀಪದ ಬಣ್ಣ. ಬಹುತೇಕ ಚಾರ್ಜರುಗಳಲ್ಲಿ ವಿದ್ಯುತ್ ಹರಿಯುತ್ತಿದ್ದರೆ ಕೆಂಪು ದೀಪ, ಹರಿಯುವುದು ಕಡಿಮೆಯಾದರೆ ಹಸಿರು ದೀಪ. ಕಿಲುಬು ಅಡ್ಡ ಬಂದು ವಿದ್ಯುತ್ ಹರಿಯದಿದ್ದರೂ ದೀಪ ಹಸಿರೇ. ಕೆಲಸ ಮಾಡಿ ದಣಿದ ಬ್ಯಾಟರಿಗೆ ಚಾರ್ಜರ್ ಹಾಕಿದ ತಕ್ಷಣ ಹಸಿರು ದೀಪ ಕಂಡರೆ ಬ್ಯಾಟರಿ ತುಂಬಿದೆಯೆಂದು ತಿಳಿಯಬಾರದು. ಮೊದಲು ಪಿನ್ನನ್ನು ನೋಡಬೇಕು.

ಕಿಲುಬು ಹಿಡಿಯುವುದೇಕೆ?

ಹಿತ್ತಾಳೆ ತಂಬಿಗೆಗೆ ಕಿಲುಬು ಹಿಡಿಯಲು ವಾರಗಳೇ ಬೇಕು. ಪಿನ್ನಿಗೆ ಎರಡು ಮೂರು ದಿನ ಸಾಕು. ಈ ವ್ಯತ್ಯಾಸಕ್ಕೆ ಕಾರಣ ವಿದ್ಯುತ್ತು. ಅನೇಕ ಸ್ಪ್ರೇಯರುಗಳಲ್ಲಿ ಚಾರ್ಜಿಂಗ್ ತೂತಿನ ತಂತಿಗಳು ನೇರವಾಗಿ ಬ್ಯಾಟರಿಗೇ ಸೇರಿರುತ್ತವೆ. ಆದ್ದರಿಂದ ಚಾರ್ಜರ್ ಹಾಕದಿದ್ದರೂ ಆ ಪಿನ್ನುಗಳ ನಡುವೆ 12 ವೋಲ್ಟು ಹಗಲೂ ರಾತ್ರಿಯೂ ಇರುತ್ತದೆ. ಅಲ್ಲಿ ಒಂದು ಹನಿ ನೀರು ನಿಂತರೆ ಧನ ಪಿನ್ನಿನ ಲೋಹ ಕರಗಿ ನೀರಿಗೆ ಇಳಿಯತೊಡಗುತ್ತದೆ. ಆಭರಣಕ್ಕೆ ಗಿಲೀಟು ಹಾಕುವಾಗ ನಡೆಯುವ ಕ್ರಿಯೆಯೇ ಇದು. ಅಲ್ಲಿ ಬೇಕೆಂದು ಮಾಡುತ್ತೇವೆ, ಇಲ್ಲಿ ತಾನಾಗಿ ನಡೆಯುತ್ತದೆ.

ಶುದ್ಧ ಮಳೆನೀರು ವಿದ್ಯುತ್ತನ್ನು ಅಷ್ಟಾಗಿ ಹರಿಯಗೊಡುವುದಿಲ್ಲ. ಆದರೆ ನಮ್ಮ ಸ್ಪ್ರೇಯರುಗಳ ಮೇಲೆ ಬೋರ್ಡೋ ದ್ರಾವಣದ ಒಣಗಿದ ಪುಡಿಯೂ ಗೊಬ್ಬರದ ಉಪ್ಪೂ ಬೆವರೂ ಇರುತ್ತವೆ. ಇವು ತೇವದಲ್ಲಿ ಕರಗಿದರೆ ಆ ನೀರು ಚೆನ್ನಾಗಿ ವಿದ್ಯುತ್ ಹರಿಸುತ್ತದೆ. ಮೈಲುತುತ್ತವು ಲೋಹವನ್ನು ತಿನ್ನುವುದನ್ನು ಬೆಳೆಗಾರರು ಕಣ್ಣಾರೆ ಕಂಡವರೇ. ದ್ರಾವಣಕ್ಕೆ ಸುಣ್ಣ ಸಾಲದಿದ್ದರೆ, ಅದರಲ್ಲಿ ಅದ್ದಿದ ಕಬ್ಬಿಣದ ಚಾಕುವಿನ ಮೇಲೆ ಕೆಂಪಗೆ ತಾಮ್ರ ಕೂರುತ್ತದೆಯಲ್ಲವೇ? ಆ ತಾಮ್ರ ಕೂರುವಾಗ ಅಷ್ಟೇ ಲೆಕ್ಕಕ್ಕೆ ಕಬ್ಬಿಣ ಕರಗಿರುತ್ತದೆ.

ಬಣ್ಣದಿಂದ ತಿಳಿಯುವುದು

ಹಸಿರು ಕಿಲುಬು ತಾಮ್ರ ಅಥವಾ ಹಿತ್ತಾಳೆಯದು. ಪಿನ್ನಿನ ಮೇಲಿದ್ದ ಬೆಳ್ಳಗಿನ ಲೇಪ ಸವೆದು ಒಳಗಿನ ಹಿತ್ತಾಳೆ ಹೊರಬಿದ್ದಿದೆ ಎಂದು ಇದರಿಂದ ತಿಳಿಯಬೇಕು. ಬಿಳಿ ಪುಡಿ ಸಾಮಾನ್ಯವಾಗಿ ಸತುವಿನದು. ಹಿತ್ತಾಳೆಯಲ್ಲಿ ಸತುವೂ ಇರುವುದರಿಂದ ಎರಡು ಬಣ್ಣವೂ ಒಟ್ಟಿಗೆ ಕಾಣಬಹುದು. ಕಂದು ಬಣ್ಣವಿದ್ದರೆ ಅದು ಕಬ್ಬಿಣದ ತುಕ್ಕು.

ಬೋರ್ಡೋ ದ್ರಾವಣದ ಕಲೆಯನ್ನು ಕಿಲುಬೆಂದು ತಿಳಿದು ಗಾಬರಿಯಾಗುವುದೂ ಉಂಟು. ಆ ಕಲೆ ತಿಳಿ ನೀಲಿಯಾಗಿದ್ದು ಪ್ಲಾಸ್ಟಿಕ್ಕಿನ ಮೇಲೂ ಹರಡಿರುತ್ತದೆ, ಒರೆಸಿದರೆ ಹೋಗುತ್ತದೆ. ಕಿಲುಬಾದರೋ ಲೋಹದ ಅಂಚಿನಲ್ಲೇ ಕಚ್ಚಿಕೊಂಡಿದ್ದು, ತೆಗೆದ ಮೇಲೆ ಅಡಿಯಲ್ಲಿ ಲೋಹ ಮಂಕಾಗಿ ಒರಟಾಗಿ ಕಾಣುತ್ತದೆ.

ಶುಚಿಗೊಳಿಸುವ ಮೊದಲು

ಚಾರ್ಜರನ್ನು ಒಣಗಿದ ಕೈಯಿಂದ ಮೊದಲು ಗೋಡೆಯ ಪ್ಲಗ್ಗಿನಿಂದ ತೆಗೆದು, ಅನಂತರ ಸ್ಪ್ರೇಯರಿನಿಂದ ಬಿಡಿಸಬೇಕು. ಟ್ಯಾಂಕನ್ನು ಖಾಲಿ ಮಾಡಿ, ಹೊರಮೈಯನ್ನು ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿ, ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸಬೇಕು.

ಮುಂದಿನದು ಅತಿ ಮುಖ್ಯ. ತಳದ ಮುಚ್ಚಳ ಬಿಚ್ಚಿ ಬ್ಯಾಟರಿಯ ತಂತಿಯನ್ನು ಕಳಚಬೇಕು. ಮೊದಲು ಕಪ್ಪು ತಂತಿ ಕಳಚಿ ಅದರ ತುದಿಗೆ ಇನ್ಸುಲೇಷನ್ ಟೇಪು ಸುತ್ತಬೇಕು. ಅನಂತರ ಕೆಂಪು ತಂತಿಗೂ ಹಾಗೆಯೇ ಮಾಡಬೇಕು. ಪಿನ್ನುಗಳಲ್ಲಿ ಸದಾ ವಿದ್ಯುತ್ ಇರಬಹುದೆಂದು ಮೇಲೆ ಹೇಳಿದ್ದೇವೆ. ಬ್ಯಾಟರಿ ಸೇರಿದ್ದಾಗಲೇ ತೂತಿನೊಳಗೆ ಸೂಜಿ ಅಥವಾ ಪಿನ್ನು ಆಡಿಸಿದರೆ ಧನವೂ ಋಣವೂ ಕೂಡಿ ಕಿಡಿ ಹಾರುತ್ತದೆ, ತಂತಿ ಕಾಯುತ್ತದೆ, ಕೈ ಸುಡುತ್ತದೆ. 12 ವೋಲ್ಟು ಮೈಗೆ ಶಾಕ್ ಹೊಡೆಯದಿರಬಹುದು. ಆದರೆ ಬೆಂಕಿ ಹೊತ್ತಲು ಅಷ್ಟೇ ಸಾಕು.

ನಿಮ್ಮ ಯಂತ್ರದಲ್ಲಿ ಲಿಥಿಯಂ ಬ್ಯಾಟರಿ ಇದ್ದರೆ ಅದರ ಜೋಡಣೆಯನ್ನು ಮಾತ್ರ ಕಳಚಬೇಕು, ಪೊಟ್ಟಣವನ್ನು ಬಿಚ್ಚಕೂಡದು. ಅದು ಉಬ್ಬಿದ್ದರೆ ಮುಂದಿನ ಕೆಲಸ ಬಿಟ್ಟು ಮಾರಾಟಗಾರರಲ್ಲಿಗೆ ಒಯ್ಯುವುದೇ ಸರಿ.

ಶುಚಿಗೊಳಿಸುವ ಕ್ರಮ

ಬೇಕಾದ ಸಾಮಾನು ಹೆಚ್ಚಿಲ್ಲ. ಮೆತ್ತನೆಯ ಹಳೆಯ ಹಲ್ಲುಜ್ಜುವ ಬ್ರಷ್ಷು, ಚೂಪು ಮಾಡಿದ ಒಣ ಬಿದಿರಿನ ಕಡ್ಡಿ, ಹತ್ತಿ, ರಬ್ಬರ್ ಕೈಗವಸು ಮತ್ತು ಐಸೋಪ್ರೊಪೈಲ್ ಆಲ್ಕೋಹಾಲ್. ಇದು ಮೊಬೈಲ್ ಹಾಗೂ ಟಿ.ವಿ. ರಿಪೇರಿಯವರಿಗೆ ಸಾಮಾನು ಒದಗಿಸುವ ಅಂಗಡಿಗಳಲ್ಲಿ ಸಣ್ಣ ಸೀಸೆಯಲ್ಲಿ ದೊರೆಯುತ್ತದೆ. ಶೇಕಡ 99ರಷ್ಟು ಶುದ್ಧವಾದುದನ್ನೇ ಕೇಳಬೇಕು. ಇದಕ್ಕೆ ಬೇಗ ಬೆಂಕಿ ತಗಲುವುದರಿಂದ ಒಲೆ, ದೀಪ, ಬೀಡಿ ಹತ್ತಿರವಿರಕೂಡದು; ಗಾಳಿಯಾಡುವ ಜಗಲಿಯಲ್ಲಿ ಕೆಲಸ ಮಾಡಬೇಕು.

ಮೊದಲು ಚಾರ್ಜಿಂಗ್ ತೂತು ಕೆಳಮುಖವಾಗುವಂತೆ ಯಂತ್ರವನ್ನು ಹಿಡಿದು, ಒಣ ಬ್ರಷ್ಷಿನಿಂದಲೂ ಬಿದಿರಿನ ಕಡ್ಡಿಯಿಂದಲೂ ಕಿಲುಬನ್ನು ಬಿಡಿಸಬೇಕು. ಕೆಳಮುಖವಾಗಿದ್ದರೆ ಪುಡಿ ಒಳಕ್ಕೆ ಇಳಿಯದೆ ಹೊರಗೆ ಉದುರುತ್ತದೆ. ಬಾಯಿಯಿಂದ ಊದಬಾರದು. ಈ ಪುಡಿ ವಿಷಕರವಾದುದು, ಕಣ್ಣಿಗೂ ಬೀಳಬಹುದು. ಅಲ್ಲದೆ ಉಸಿರಿನ ತೇವವೂ ಒಳಸೇರುತ್ತದೆ.

ಅನಂತರ ಬ್ರಷ್ಷಿಗೆ ನಾಲ್ಕೈದು ಹನಿ ಆಲ್ಕೋಹಾಲ್ ಹಾಕಿ ಉಜ್ಜಬೇಕು. ತೂತಿನೊಳಗೆ ಸುರಿಯಬಾರದು. ಆಲ್ಕೋಹಾಲ್ ಕಿಲುಬನ್ನು ಕರಗಿಸುವುದಿಲ್ಲ. ಕೀಳುವ ಕೆಲಸ ಬ್ರಷ್ಷಿನದು. ಸಡಿಲವಾದ ಪುಡಿಯನ್ನೂ ಜಿಡ್ಡನ್ನೂ ತೇವವನ್ನೂ ಹೊರತರುವುದು ಆಲ್ಕೋಹಾಲಿನ ಕೆಲಸ. ಕಡ್ಡಿಗೆ ಹತ್ತಿ ಸುತ್ತಿ ಒರೆಸಿ ನೋಡಬೇಕು. ಹತ್ತಿಯಲ್ಲಿ ಹಸಿರು ಕಾಣುವವರೆಗೆ ಇದನ್ನೇ ಮತ್ತೆ ಮಾಡಬೇಕು. ಚಾರ್ಜರಿನ ತುದಿಯನ್ನೂ ಇದೇ ರೀತಿ ಶುಚಿಮಾಡದಿದ್ದರೆ ಶ್ರಮ ಅರ್ಧ ವ್ಯರ್ಥ.

ಉಪ್ಪುಕಾಗದ, ಬ್ಲೇಡು, ಸೂಜಿ ಬೇಡ. ಇವು ಉಳಿದ ಲೇಪವನ್ನೂ ಕೆರೆದುಹಾಕುವುದರಿಂದ ಮುಂದಿನ ಮಳೆಗೆ ಕಿಲುಬು ಇನ್ನೂ ಬೇಗ ಬರುತ್ತದೆ. ದೇವರ ಪಾತ್ರೆ ಬೆಳಗುವ ಹುಣಸೆಹುಳಿ, ನಿಂಬೆಹುಳಿ ಇಲ್ಲಿ ಸಲ್ಲದು. ಪಾತ್ರೆಯನ್ನು ಆಮೇಲೆ ನೀರಿನಲ್ಲಿ ತೊಳೆಯುತ್ತೇವೆ, ಪಿನ್ನನ್ನು ತೊಳೆಯುವಂತಿಲ್ಲ. ಸಂದಿನಲ್ಲಿ ಉಳಿದ ಹುಳಿ ಲೋಹವನ್ನು ತಿನ್ನುತ್ತಲೇ ಇರುತ್ತದೆ. ಕೈಗೆ ಹಚ್ಚುವ ಸ್ಯಾನಿಟೈಸರಿನಲ್ಲಿ ನೀರೂ ಅಂಟೂ ಇರುವುದರಿಂದ ಅದೂ ಬೇಡ.

ಶುಚಿಯಾದ ಮೇಲೆ ತೂತನ್ನು ಕೆಳಮುಖ ಮಾಡಿ ಫ್ಯಾನಿನ ಗಾಳಿಗೆ ನಾಲ್ಕು ಗಂಟೆಯಾದರೂ ಇಡಬೇಕು. ಆಲ್ಕೋಹಾಲ್ ನಿಮಿಷಗಳಲ್ಲಿ ಆರುತ್ತದೆ, ಆದರೆ ಒಳಗೆ ಇಳಿದಿದ್ದ ನೀರು ಆರಲು ಸಮಯ ಬೇಕು. ಒಲೆಯ ಪಕ್ಕದಲ್ಲಾಗಲಿ ಅಡಿಕೆ ಒಣಗಿಸುವ ಅಟ್ಟದ ಮೇಲಾಗಲಿ ಇಡಬಾರದು. ಬಿಸಿಗೆ ಪ್ಲಾಸ್ಟಿಕ್ಕೂ ಬ್ಯಾಟರಿಯೂ ಕೆಡುತ್ತವೆ. ಕೈಯನ್ನು ಸಾಬೂನಿನಿಂದ ತೊಳೆದು, ಬಳಸಿದ ಹತ್ತಿಯನ್ನು ಎಸೆಯಬೇಕು.

ಮೊದಲ ಚಾರ್ಜಿನ ಪರೀಕ್ಷೆ

ಕೆಂಪು ತಂತಿ ಮೊದಲು, ಕಪ್ಪು ಅನಂತರ ಜೋಡಿಸಿ ಚಾರ್ಜಿಗೆ ಹಾಕಬೇಕು. ಮೊದಲ ಹದಿನೈದು ನಿಮಿಷ ಹತ್ತಿರವೇ ಇರಬೇಕು. ಪಿನ್ನಿನ ಪ್ಲಾಸ್ಟಿಕ್ ಹಿಡಿಯನ್ನು ಮುಟ್ಟಿ ನೋಡಿದರೆ ಹೆಚ್ಚೆಂದರೆ ಉಗುರುಬೆಚ್ಚಗಿರಬಹುದು. ಕೈಗೆ ಸುಡುವಂತಿದ್ದರೆ ಅಥವಾ ಸುಟ್ಟ ವಾಸನೆ ಬಂದರೆ ಗೋಡೆಯ ಸ್ವಿಚ್ಚನ್ನು ಆರಿಸಬೇಕು. ಕಿಲುಬು ಉಳಿದಿರುವ ಜೋಡಣೆಯಲ್ಲಿ ಕೇವಲ 1 ಓಮಿನ ಅಡ್ಡಿ ಇದ್ದರೂ, 1.5 ಆಂಪಿಯರ್ ಹರಿಯುವಾಗ ಆ ಕಡಲೆಕಾಳಿನಷ್ಟು ಜಾಗದಲ್ಲಿ 2.25 ವ್ಯಾಟ್ ಶಾಖ ಹುಟ್ಟುತ್ತದೆ. ರಾತ್ರಿಯಿಡೀ ಹೀಗಾದರೆ ಪ್ಲಾಸ್ಟಿಕ್ ಕರಗದಿರುವುದೇ ಆಶ್ಚರ್ಯ.

ನಡುಕಡ್ಡಿ ತೆಳ್ಳಗಾಗಿದ್ದರೆ, ಅಲುಗಾಡುತ್ತಿದ್ದರೆ, ಸುತ್ತಲಿನ ಪ್ಲಾಸ್ಟಿಕ್ ಕರಗಿ ಕಪ್ಪಾಗಿದ್ದರೆ ಶುಚಿ ಮಾಡಿ ಪ್ರಯೋಜನವಿಲ್ಲ. ಆಗ ಆ ಸಾಕೆಟ್ಟನ್ನೇ ಬದಲಿಸಬೇಕು. ಇದು ಸಣ್ಣ ಬಿಡಿಭಾಗ. ಆದರೆ ಧನ ಋಣ ತಂತಿಗಳು ಅದಲುಬದಲಾಗದಂತೆ ಬಲ್ಲವರಿಂದಲೇ ಬೆಸುಗೆ ಹಾಕಿಸಬೇಕು. ಮೇಲೆ ಹೇಳಿದ ಸದಸ್ಯರ ಯಂತ್ರದಲ್ಲಿ ಕಡ್ಡಿ ಗಟ್ಟಿಯಾಗಿಯೇ ಇತ್ತು. ಮೂರು ಬಾರಿ ಉಜ್ಜಿದ ಮೇಲೆ ಹತ್ತಿ ಬೆಳ್ಳಗೆ ಬಂತು. ಸಂಜೆ ಚಾರ್ಜಿಗೆ ಹಾಕಿದಾಗ ದೀಪ ಕೆಂಪಾಗಿ, ಬೆಳಗಿನ ಜಾವದವರೆಗೂ ಕೆಂಪಾಗಿಯೇ ಇತ್ತು. ಹಳೆಯ ಬ್ಯಾಟರಿಯಲ್ಲೇ ಅವರ ಸಿಂಪರಣೆ ಮುಗಿಯಿತು.

ಮತ್ತೆ ಬಾರದಂತೆ

ಕಿತ್ತುಹೋದ ರಬ್ಬರ್ ಮುಚ್ಚಳದ ಬದಲು ಹೊಸತನ್ನು ಹಾಕಬೇಕು. ಅದು ಸಿಗುವವರೆಗೆ ತೂತನ್ನು ಒಣಗಿಸಿ ಟೇಪು ಅಂಟಿಸಬಹುದು. ಸಿಂಪರಣೆ ಮುಗಿಸಿ ಬಂದ ಕೂಡಲೇ ಚಾರ್ಜಿಗೆ ಹಾಕುವ ಅಭ್ಯಾಸ ಬಿಟ್ಟು, ಮೊದಲು ಒರೆಸಿ ಒಣಗಿಸಿ ಆಮೇಲೆ ಹಾಕಬೇಕು. ವಾರಗಟ್ಟಲೆ ಕೆಲಸವಿಲ್ಲದಿದ್ದರೆ ಬ್ಯಾಟರಿಯ ತಂತಿ ಕಳಚಿಟ್ಟರೆ ಪಿನ್ನಿನಲ್ಲಿ ವಿದ್ಯುತ್ತಿರುವುದಿಲ್ಲ, ಕಿಲುಬೂ ನಿಧಾನವಾಗುತ್ತದೆ. ಆದರೆ ಸೀಸದ ಬ್ಯಾಟರಿಯನ್ನು ಹಾಗೆಯೇ ಮರೆತುಬಿಡಬಾರದು. ತಿಂಗಳಿಗೊಮ್ಮೆ ಚಾರ್ಜು ಮಾಡಬೇಕು.

ಮೊಬೈಲಿನ ವಿಷಯದಲ್ಲಿ ಒಂದು ವ್ಯತ್ಯಾಸವುಂಟು. ಅದರ ಪಿನ್ನಿಗೆ ಸಾಮಾನ್ಯವಾಗಿ ಚಾರ್ಜರ್ ಹಾಕಿದಾಗಲೇ ವಿದ್ಯುತ್ ಬರುವುದು. ತೋಟದಲ್ಲಿ ನೆನೆದ ಮೊಬೈಲನ್ನು ಮನೆಗೆ ಬಂದೊಡನೆ ಚಾರ್ಜಿಗೆ ಹಾಕುವುದೇ ಅದರ ಪಿನ್ನಿಗೆ ಕುತ್ತು. ಕೆಳಮುಖವಾಗಿಟ್ಟು ಪೂರ್ತಿ ಆರಿದ ಮೇಲೆ ಚಾರ್ಜು ಮಾಡಿದರೆ, ಉಜ್ಜುವ ಪ್ರಸಂಗವೇ ಬಹುಮಟ್ಟಿಗೆ ಬಾರದು.