ಬಲಾರ್ಧದ ಝೀರೋ: ಎರಡು ಹಂತದ ಆಪ್-ಆಂಪ್‌ನ ಸ್ಥಿರತೆಯನ್ನು ಕುರಿತು

ಮೈಕನ್ನು ಧ್ವನಿವರ್ಧಕದ ಬಾಯಿಗೆ ಎದುರಾಗಿ ಹಿಡಿದರೆ ಏನಾಗುವುದೆಂಬುದು ಮೂಗೂರಿನ ತ್ರಿಪುರಸುಂದರಿ ಅಮ್ಮನವರ ಜಾತ್ರೆಯನ್ನು ಕಂಡವರಿಗೆಲ್ಲ ತಿಳಿದದ್ದೇ. ಯಾರೂ ಮಾತನಾಡದಿದ್ದರೂ ಕಿವಿಗಡಚಿಕ್ಕುವ ಕೀರಲು ಧ್ವನಿ ತಾನಾಗಿ ಏಳುತ್ತದೆ. ವರ್ಧಕದಿಂದ ಹೊರಟ ಧ್ವನಿ ಸುತ್ತಿ ಬಂದು ಮತ್ತೆ ಅದರೊಳಕ್ಕೇ ಸೇರಿ ಬೆಳೆಯುವುದೇ ಇದಕ್ಕೆ ಕಾರಣ. ಇದೇ ರೋಗ ಕಣ್ಣಿಗೆ ಕಾಣದಷ್ಟು ಸಣ್ಣದಾದ ಸಿಲಿಕಾನ್ ಚಿಪ್ಪಿನೊಳಗಿನ ವರ್ಧಕಕ್ಕೂ ಬರುತ್ತದೆ. ಆಪ್-ಆಂಪ್ ಎಂದು ಹೆಸರಾದ ಈ ವರ್ಧಕಕ್ಕೆ ಅದು ಹೇಗೆ ಬರುತ್ತದೆ, ಚಿಕಿತ್ಸೆ ಏನು, ಆ ಚಿಕಿತ್ಸೆಯಿಂದಲೇ ಹುಟ್ಟುವ ಇನ್ನೊಂದು ತೊಂದರೆ ಯಾವುದು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಆಪ್-ಆಂಪ್ ಅನ್ನು ಬಳಸುವ ಕ್ರಮವೇ ವಿಶಿಷ್ಟವಾದುದು. ಅದರ ಹೊರಬರುವ ವೋಲ್ಟೇಜನ್ನು ಹಿಂದಕ್ಕೆ ತಂದು, ಒಳಹೋಗುವ ವೋಲ್ಟೇಜಿನಿಂದ ಕಳೆಯುತ್ತಾರೆ. ಕಳೆಯುವುದರಿಂದ ತಪ್ಪು ತಾನಾಗಿ ತಿದ್ದಿಕೊಳ್ಳುತ್ತದೆ. ಆದರೆ ಹಿಂದಿರುಗುವ ಅಲೆ ದಾರಿಯಲ್ಲಿ ಅರ್ಧ ಅಲೆಯಷ್ಟು, ಅಂದರೆ 180 ಡಿಗ್ರಿಯಷ್ಟು, ತಡವಾದರೆ ಕಳೆಯಬೇಕಾದುದು ಕೂಡಿಕೊಳ್ಳುತ್ತದೆ. ಆ ಆವೃತ್ತಿಯಲ್ಲಿ ವರ್ಧನೆ ಇನ್ನೂ ಒಂದಕ್ಕಿಂತ ಹೆಚ್ಚಾಗಿದ್ದರೆ ಕೀರಲು ತಪ್ಪದು. ವರ್ಧನೆ ಒಂದಕ್ಕೆ ಇಳಿದಾಗ 180 ಡಿಗ್ರಿಗೆ ಇನ್ನೆಷ್ಟು ಉಳಿದಿದೆಯೋ ಅದಕ್ಕೆ ಫೇಸ್ ಮಾರ್ಜಿನ್ ಎಂದು ಹೆಸರು. ಅದು 60 ಡಿಗ್ರಿಯ ಸುತ್ತ ಇದ್ದರೆ ವರ್ಧಕ ಶಾಂತವಾಗಿರುತ್ತದೆ.

ಎರಡು ಹಂತದ ವರ್ಧಕವೊಂದನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಪ್ರತಿ ಹಂತವೂ ನೂರು ಪಟ್ಟು ಹಿಗ್ಗಿಸಿದರೆ ಒಟ್ಟು ಹತ್ತು ಸಾವಿರ ಪಟ್ಟು. ಪ್ರತಿ ಹಂತದ ಕೊನೆಯಲ್ಲೂ ಒಂದು ರೋಧ, ಒಂದು ಕೆಪಾಸಿಟರ್ ಇದ್ದೇ ಇರುತ್ತವೆ. ಅವುಗಳ ದೆಸೆಯಿಂದ ಒಂದು ಆವೃತ್ತಿಯ ಮೇಲೆ ಹಂತದ ವರ್ಧನೆ ಇಳಿಯತೊಡಗುತ್ತದೆ. ಆ ಆವೃತ್ತಿಯನ್ನೇ ಪೋಲ್ ಎನ್ನುತ್ತಾರೆ. ಒಂದೊಂದು ಪೋಲ್ ಅಲೆಯನ್ನು 90 ಡಿಗ್ರಿಯವರೆಗೆ ತಡಮಾಡಬಲ್ಲದು. ಮೊದಲ ಹಂತದಲ್ಲಿ 10 ಲಕ್ಷ ಓಮ್ ಮತ್ತು 0.2 ಪಿಕೋಫ್ಯಾರಡ್, ಎರಡನೆಯದರಲ್ಲಿ 1 ಲಕ್ಷ ಓಮ್ ಮತ್ತು 5 ಪಿಕೋಫ್ಯಾರಡ್ ಇವೆಯೆನ್ನಿ. ಪೋಲ್‌ಗಳು ಕ್ರಮವಾಗಿ ಸುಮಾರು 800 ಕಿಲೋಹರ್ಟ್ಸ್ ಮತ್ತು 320 ಕಿಲೋಹರ್ಟ್ಸ್‌ಗಳಲ್ಲಿ ಬೀಳುತ್ತವೆ. ವರ್ಧನೆ ಒಂದಕ್ಕೆ ಇಳಿಯುವುದು 50 ಮೆಗಾಹರ್ಟ್ಸ್‌ನಲ್ಲಿ. ಅಷ್ಟರೊಳಗೆ ಎರಡೂ ಪೋಲ್‌ಗಳು ತಮ್ಮ ತಡವನ್ನು ಪೂರ್ತಿ ಸಲ್ಲಿಸಿರುವುದರಿಂದ ಉಳಿಯುವ ಮಾರ್ಜಿನ್ ಒಂದು ಡಿಗ್ರಿಗಿಂತ ತುಸು ಹೆಚ್ಚು ಅಷ್ಟೆ. ಇಂಥ ವರ್ಧಕ ಉಪಯೋಗಕ್ಕೆ ಬಾರದು.

ಇದಕ್ಕೆ ಚಿಕಿತ್ಸೆ, ಎರಡನೆಯ ಹಂತದ ಒಳಬಾಗಿಲಿಗೂ ಹೊರಬಾಗಿಲಿಗೂ ನಡುವೆ ಒಂದು ಸಣ್ಣ ಕೆಪಾಸಿಟರನ್ನು ಸೇತುವೆಯಂತೆ ಕೂರಿಸುವುದು. 1967ರಲ್ಲಿ ಬಂದ ಎಲ್‌ಎಂ101 ಎಂಬ ಆಪ್-ಆಂಪ್‌ಗೆ ಅದನ್ನು ಬಳಸುವವರೇ ಹೊರಗಿನಿಂದ ಜೋಡಿಸಬೇಕಿತ್ತು. 1968ರಲ್ಲಿ ಫೇರ್‌ಚೈಲ್ಡ್ ಸಂಸ್ಥೆಯ ಡೇವ್ ಫುಲ್ಲಗರ್ 30 ಪಿಕೋಫ್ಯಾರಡ್ ಕೆಪಾಸಿಟರನ್ನು ಚಿಪ್ಪಿನೊಳಗೇ ಇಟ್ಟರು. ಅದೇ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಯ ಮೇಜಿನ ಮೇಲೆ ನಮ್ಮ ಹಳೆಯ ವಿದ್ಯಾರ್ಥಿಗಳು ಹಲವರು ಕಂಡಿರಬಹುದಾದ 741.

ನಮ್ಮ ಉದಾಹರಣೆಯಲ್ಲಿ 2 ಪಿಕೋಫ್ಯಾರಡ್ ಇಟ್ಟರೆ ಸಾಕು. ಎರಡನೆಯ ಹಂತ ನೂರು ಪಟ್ಟು ಹಿಗ್ಗಿಸುವುದರಿಂದ ಮೊದಲ ಹಂತಕ್ಕೆ ಆ ಕೆಪಾಸಿಟರ್ ನೂರು ಪಟ್ಟು ದೊಡ್ಡದಾಗಿ, ಸುಮಾರು 200 ಪಿಕೋಫ್ಯಾರಡ್‌ನಂತೆ ತೋರುತ್ತದೆ. ಚಿಕ್ಕ ತೊಟ್ಟಿ ತುಂಬಬೇಕಾದ ತೂಬಿಗೆ ಕೆರೆಯನ್ನೇ ತುಂಬುವ ಕೆಲಸ ಬಿದ್ದಂತೆ. ಆದುದರಿಂದ ಒಂದು ಪೋಲ್ 800 ಹರ್ಟ್ಸ್‌ನಷ್ಟು ಕೆಳಕ್ಕೆ ಇಳಿಯುತ್ತದೆ. ಇನ್ನು ಮುಂದೆ ಅದೇ ಪ್ರಧಾನ ಪೋಲ್. ಇನ್ನೊಂದೆಡೆ ಹೆಚ್ಚಿನ ಆವೃತ್ತಿಗಳಲ್ಲಿ ಈ ಸೇತುವೆ ಎರಡನೆಯ ಟ್ರಾನ್ಸಿಸ್ಟರಿನ ಎರಡು ತುದಿಗಳನ್ನು ಬೆಸೆದುಬಿಡುವುದರಿಂದ, ಹೊರಬಾಗಿಲಿನಲ್ಲಿ 1 ಲಕ್ಷ ಓಮ್ ಇದ್ದ ರೋಧ 1 ಸಾವಿರ ಓಮ್ ಆಗುತ್ತದೆ. ಆಗ ಎರಡನೆಯ ಪೋಲ್ 28 ಮೆಗಾಹರ್ಟ್ಸ್‌ಗೆ ಏರುತ್ತದೆ. ಹತ್ತಿರ ಹತ್ತಿರವಿದ್ದ ಎರಡು ಪೋಲ್‌ಗಳು ಹೀಗೆ ಒಂದು ಕೆಳಗೂ ಒಂದು ಮೇಲಕ್ಕೂ ದೂರ ಸರಿಯುವುದನ್ನೇ ಪೋಲ್‌ಗಳ ಬೇರ್ಪಡೆ ಎನ್ನುವುದು. ಒಂದೇ ಕೆಪಾಸಿಟರ್ ಎರಡೂ ಉಪಕಾರವನ್ನು ಏಕಕಾಲಕ್ಕೆ ಮಾಡುವುದು ಸೋಜಿಗವೇ ಸರಿ. ವರ್ಧನೆ ಈಗ 8 ಮೆಗಾಹರ್ಟ್ಸ್‌ನಲ್ಲಿ ಒಂದಕ್ಕೆ ಇಳಿಯುತ್ತದೆ, ಮಾರ್ಜಿನ್ 68 ಡಿಗ್ರಿ.

ಆದರೆ ಸೇತುವೆಗೆ ಇನ್ನೊಂದು ಗುಣವಿದೆ. ಟ್ರಾನ್ಸಿಸ್ಟರ್ ಅಲೆಯನ್ನು ತಲೆಕೆಳಗು ಮಾಡಿ ಹೊರಕ್ಕೆ ಕಳುಹಿಸುತ್ತದೆ, ಕೆಪಾಸಿಟರ್ ಅದೇ ಅಲೆಯನ್ನು ತಲೆಕೆಳಗು ಮಾಡದೆ ನೇರವಾಗಿ ದಾಟಿಸುತ್ತದೆ. ಆವೃತ್ತಿ ಹೆಚ್ಚಿದಷ್ಟೂ ಈ ಕಳ್ಳದಾರಿ ಅಗಲವಾಗುತ್ತದೆ. ಎರಡು ದಾರಿಗಳೂ ಸಮನಾಗುವ ಆವೃತ್ತಿಯೇ ಝೀರೋ. ಎರಡನೆಯ ಟ್ರಾನ್ಸಿಸ್ಟರಿನ ಬಲವನ್ನು gm2 ಎಂದೂ ಸೇತುವೆಯನ್ನು Cc ಎಂದೂ ಕರೆದರೆ ಅದು gm2/(2πCc). ಗಣಿತಜ್ಞರ ನಕ್ಷೆಯಲ್ಲಿ ಇದು ಬಲ ಅರ್ಧದಲ್ಲಿ ಬೀಳುವುದರಿಂದ ಬಲಾರ್ಧದ ಝೀರೋ ಎಂಬ ಹೆಸರು. ಎಡ ಅರ್ಧದಲ್ಲಿ ಬೀಳುವ ಝೀರೋ ವರ್ಧನೆಯನ್ನು ಹೆಚ್ಚಿಸಿದರೂ ತಡವನ್ನು ಕಡಿಮೆ ಮಾಡಿ ಋಣ ತೀರಿಸುತ್ತದೆ. ಬಲಾರ್ಧದ್ದು ವರ್ಧನೆಯನ್ನೂ ಹೆಚ್ಚಿಸಿ ತಡವನ್ನೂ ಹೆಚ್ಚಿಸುತ್ತದೆ.

ಮೇಲಿನ ಉದಾಹರಣೆಯಲ್ಲಿ ಅದು 80 ಮೆಗಾಹರ್ಟ್ಸ್‌ನಲ್ಲಿದ್ದು ಕೇವಲ 6 ಡಿಗ್ರಿ ನಷ್ಟವಾಗಿತ್ತು. 741ರ ಬೈಪೋಲಾರ್ ಟ್ರಾನ್ಸಿಸ್ಟರ್‌ಗಳ ಬಲ ದೊಡ್ಡದಾದುದರಿಂದ ಅಲ್ಲಿಯೂ ಅದು ಕಾಡಲಿಲ್ಲ. ಮಾಸ್ ಟ್ರಾನ್ಸಿಸ್ಟರ್‌ಗಳು ಬಂದ ಮೇಲೆ ಕಥೆ ಬದಲಾಯಿತು, ಏಕೆಂದರೆ ಅಷ್ಟೇ ವಿದ್ಯುತ್ತಿಗೆ ಅವುಗಳ ಬಲ ಕಡಿಮೆ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆದಂದಿನಿಂದ ಚಿಪ್ ವಿನ್ಯಾಸ ನಮ್ಮ ನಾಡಿನ ಉದ್ಯೋಗಗಳಲ್ಲೊಂದಾಗಿದೆ. ಆ ಕೆಲಸಕ್ಕೆ ಇಳಿದವರು ಮೊದಲು ಎದುರಿಸುವ ಲೆಕ್ಕಗಳಲ್ಲಿ ಇದೂ ಒಂದು.

ವಿದ್ಯುತ್ತನ್ನು ಉಳಿಸಲೆಂದು ಎರಡನೆಯ ಹಂತದ ಬಲವನ್ನು ಐದರಲ್ಲೊಂದು ಪಾಲಿಗೆ ಇಳಿಸಿದೆವೆನ್ನಿ. ಝೀರೋ 80ರಿಂದ 16 ಮೆಗಾಹರ್ಟ್ಸ್‌ಗೆ ಇಳಿಯುತ್ತದೆ, ಎರಡನೆಯ ಪೋಲ್ 5.6ಕ್ಕೆ ಇಳಿಯುತ್ತದೆ, ಮಾರ್ಜಿನ್ 23 ಡಿಗ್ರಿಗೆ ಕುಸಿಯುತ್ತದೆ. ಆಗ ಹೊಸಬರು ಸೇತುವೆಯ ಕೆಪಾಸಿಟರನ್ನೇ ದೊಡ್ಡದು ಮಾಡಲು ಹೊರಡುವುದುಂಟು. ಪೋಲ್‌ನ ಮಟ್ಟಿಗೆ ಇದು ಸಹಾಯಕವೇ. ಝೀರೋದ ಮಟ್ಟಿಗೆ ಮಾತ್ರ ವ್ಯರ್ಥ. ವರ್ಧನೆ ಒಂದಕ್ಕೆ ಇಳಿಯುವ ಆವೃತ್ತಿಯೂ ಝೀರೋ ಕೂಡ ಅದೇ ಕೆಪಾಸಿಟರಿನಿಂದ ಭಾಗಿಸಲ್ಪಡುವುದರಿಂದ ಎರಡೂ ಜೊತೆಯಾಗಿಯೇ ಕೆಳಗಿಳಿಯುತ್ತವೆ. ಅವುಗಳ ನಡುವಿನ ದೂರವನ್ನು ನಿರ್ಧರಿಸುವುದು ಎರಡು ಹಂತಗಳ ಬಲಗಳ ಅನುಪಾತವೊಂದೇ.

ಸರಿಯಾದ ಉಪಾಯವೆಂದರೆ ಸೇತುವೆಯ ಕೆಪಾಸಿಟರಿನೊಂದಿಗೆ ಸರಣಿಯಲ್ಲಿ ಒಂದು ರೋಧಕವನ್ನು ಸೇರಿಸುವುದು. ಅದರ ಬೆಲೆ 1/gm2ಗೆ, ಇಲ್ಲಿ 5 ಸಾವಿರ ಓಮ್‌ಗೆ, ಸಮನಾದರೆ ಝೀರೋ ಅನಂತಕ್ಕೆ ಓಡಿಹೋಗಿ ಮಾರ್ಜಿನ್ 23ರಿಂದ 45 ಡಿಗ್ರಿಗೆ ಏರುತ್ತದೆ. ಇನ್ನೂ ಹೆಚ್ಚಿಸಿದರೆ ಝೀರೋ ಎಡ ಅರ್ಧಕ್ಕೆ ಬಂದು ಉಪಕಾರಿಯಾಗುತ್ತದೆ. ಆದರೆ ಇಲ್ಲಿಯೂ ಎಚ್ಚರ ಬೇಕು. ಚಿಪ್ಪಿನ ಉಷ್ಣತೆ ಏರಿದಾಗ ಟ್ರಾನ್ಸಿಸ್ಟರಿನ ಬಲ ಕುಗ್ಗುತ್ತದೆ, ಸಾಧಾರಣ ರೋಧಕ ಅದೇ ಪ್ರಮಾಣದಲ್ಲಿ ಬದಲಾಗುವುದಿಲ್ಲ. ಆದುದರಿಂದ ರೋಧಕದ ಬದಲು ಅದೇ ಜಾತಿಯ ಟ್ರಾನ್ಸಿಸ್ಟರೊಂದನ್ನೇ ರೋಧಕದಂತೆ ಬಳಸಿ, ಎರಡೂ ಒಟ್ಟಿಗೆ ಏರಿಳಿಯುವಂತೆ ಮಾಡುತ್ತಾರೆ. ಕಳ್ಳದಾರಿಯನ್ನೇ ಮುಚ್ಚುವ ಬೇರೆ ಮಾರ್ಗಗಳೂ ಉಂಟು. 1976ರಲ್ಲಿ ಸಿವಿಡಿಸ್ ಮತ್ತು ಗ್ರೇ, 1983ರಲ್ಲಿ ಅಹುಜಾ ಅಂಥ ಮಾರ್ಗಗಳನ್ನು ಪ್ರಕಟಿಸಿದರು.

ತೊಂದರೆ ಉಳಿದಿದೆಯೇ ಎಂದು ತಿಳಿಯಲು ಹೊರಬಾಗಿಲನ್ನು ಒಳಬಾಗಿಲಿಗೆ ಹಿಂದಿರುಗಿಸಿ, ಸಣ್ಣ ಚೌಕ ಅಲೆಯೊಂದನ್ನು ಕೊಟ್ಟು ಆಸಿಲೋಸ್ಕೋಪಿನಲ್ಲಿ ನೋಡಬೇಕು. ಮಾರ್ಜಿನ್ ಕಡಿಮೆಯಿದ್ದರೆ ಅಲೆಯ ಅಂಚು ಗಂಟೆಯ ನಾದದಂತೆ ಹಲವು ಸಲ ಅಲುಗಿ ನಿಲ್ಲುತ್ತದೆ. ಬಲಾರ್ಧದ ಝೀರೋ ಹತ್ತಿರವಿದ್ದರೆ ಅಂಚು ಏರುವ ಮುನ್ನ ಕ್ಷಣಕಾಲ ವಿರುದ್ಧ ದಿಕ್ಕಿಗೆ ತುಸು ಕುಸಿಯುತ್ತದೆ. ಬಲಹೀನವಾದ ಪೋಲ್‌ನಿಂದ ಅಲುಗಾಟ ಮಾತ್ರ ಬರುತ್ತದೆ, ಈ ಹಿಮ್ಮುಖ ಕುಸಿತ ಬರುವುದಿಲ್ಲ.