ಅಪ್ಪ-ಅಮ್ಮನ ವಿಮೆಗೆ ಸಂಬಳದಲ್ಲಿ ಕಡಿತ: ಎಷ್ಟು, ಎಲ್ಲಿಯವರೆಗೆ?

ಪೇರೋಲ್ ವಿಭಾಗದಲ್ಲಿ ಕೆಲಸ ಮಾಡುವ ನನಗೆ ವಿಮೆ ನವೀಕರಣದ ತಿಂಗಳು ಬಂದರೆ ಒಂದೇ ಪ್ರಶ್ನೆ: "ಕೈಗೆ ಬರೋ ಸಂಬಳ ಯಾಕೆ ಕಮ್ಮಿ ಆಯ್ತು?" ಹೆಚ್ಚಿನ ಸಲ ಉತ್ತರವೂ ಒಂದೇ. ಅಪ್ಪ-ಅಮ್ಮನನ್ನು ಗ್ರೂಪ್ ಆರೋಗ್ಯ ವಿಮೆಗೆ ಸೇರಿಸಿದ್ದೀರಿ.

ಅನೇಕ ಕಂಪನಿಗಳು ಉದ್ಯೋಗಿ, ಸಂಗಾತಿ ಮತ್ತು ಮಕ್ಕಳ ಪ್ರೀಮಿಯಂ ತಾವೇ ಕಟ್ಟುತ್ತವೆ. ತಂದೆ-ತಾಯಿಯದು ಐಚ್ಛಿಕ, ಖರ್ಚು ನಿಮ್ಮದು. ಒಂದು ಲೆಕ್ಕ ನೋಡೋಣ. ಇಬ್ಬರಿಗೂ ಸೇರಿ ವರ್ಷಕ್ಕೆ 24,000 ರೂಪಾಯಿ ಪ್ರೀಮಿಯಂ ಅಂದುಕೊಳ್ಳಿ. ವೈಯಕ್ತಿಕ ಪಾಲಿಸಿಗೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ, ಆದರೆ ಗ್ರೂಪ್ ಪಾಲಿಸಿಗೆ ಶೇ. 18 ಇದ್ದೇ ಇದೆ. ಒಟ್ಟು 28,320. ಹನ್ನೆರಡು ಕಂತಾದರೆ ತಿಂಗಳಿಗೆ 2,360.

ಇಷ್ಟು ಕೊಡೋದಕ್ಕೆ ಕಾರಣವಿದೆ. ಅಪ್ಪನಿಗೆ ಶುಗರ್, ಅಮ್ಮನಿಗೆ ಬಿಪಿ ಇದ್ದರೆ ಹೊರಗೆ ಹೊಸ ಪಾಲಿಸಿ ಸಿಗೋದೇ ಕಷ್ಟ. ಸಿಕ್ಕರೂ ಹಳೆಯ ಕಾಯಿಲೆಗೆ ವರ್ಷಗಟ್ಟಲೆ ಕಾಯಬೇಕಾಗಬಹುದು. ಗ್ರೂಪ್ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಮೊದಲ ದಿನದಿಂದಲೇ ರಕ್ಷಣೆ. ಆದರೆ 'ಕೋ-ಪೇ' ಸಾಲು ಓದಿ. ಅದು ಶೇ. 20 ಇದ್ದರೆ, ಒಂದೂವರೆ ಲಕ್ಷದ ಬಿಲ್ಲಿನಲ್ಲಿ 30,000 ನೀವೇ ಕಟ್ಟಬೇಕು.

ಹೆಚ್ಚು ಜನ ಗಮನಿಸದ ವಿಷಯ ಇನ್ನೊಂದಿದೆ. ಕಡಿತ ತಿಂಗಳ ಕಂತಿನಲ್ಲಿ ಆದರೂ ಪ್ರೀಮಿಯಂ ಇಡೀ ವರ್ಷದ್ದು, ಕಂಪನಿ ಅದನ್ನು ಮೊದಲೇ ಕಟ್ಟಿರುತ್ತೆ. ಏಪ್ರಿಲ್‌ನಲ್ಲಿ ಶುರುವಾದ ಪಾಲಿಸಿ, ಆಗಸ್ಟ್ ಕೊನೆಗೆ ನೀವು ಕೆಲಸ ಬಿಟ್ಟಿರಿ ಅನ್ನಿ. ಐದು ಕಂತು, ಅಂದರೆ 11,800 ಕಟ್ಟಿದ್ದೀರಿ. ಉಳಿದ 16,520 ಅನ್ನು ಕೆಲವು ಕಂಪನಿಗಳು ಅಂತಿಮ ಲೆಕ್ಕದಲ್ಲಿ ಹಿಡಿದುಕೊಳ್ಳುತ್ತವೆ. ವಿಮೆ ಮಾತ್ರ ಕೊನೆಯ ಕೆಲಸದ ದಿನಕ್ಕೇ ಮುಗಿಯುತ್ತೆ. ಕ್ಲೇಮ್ ಮಾಡಿರದಿದ್ದರೆ ಉಳಿದ ತಿಂಗಳುಗಳ ಹಣವನ್ನು ವಿಮಾ ಕಂಪನಿ ಉದ್ಯೋಗದಾತರಿಗೆ ವಾಪಸ್ ಕೊಡುವ ಪದ್ಧತಿಯಿದೆ. ಅದು ನಿಮ್ಮ ಲೆಕ್ಕಕ್ಕೆ ಬಂತಾ ಅಂತ ಎಚ್‌ಆರ್‌ಗೆ ಇಮೇಲ್ ಮಾಡಿ ಕೇಳಿ.

ಹೊಸ ಕಂಪನಿಯಲ್ಲಿ ತಂದೆ-ತಾಯಿಗೆ ವಿಮೆ ಇದೆಯಾ ಅನ್ನೋದನ್ನೂ ಆಫರ್ ಒಪ್ಪುವ ಮುಂಚೆ ಕೇಳಿ. ಸೇರಿದಾಗ ಕೊಡುವ ಗಡುವು ತಪ್ಪಿದರೆ ಮುಂದಿನ ನವೀಕರಣದವರೆಗೆ ಕಾಯಬೇಕು. ನಡುವೆ ಸೇರಿಸಲು ಅವಕಾಶ ಇರೋದು ಹೆಚ್ಚಾಗಿ ಹೊಸದಾಗಿ ಮದುವೆಯಾದ ಸಂಗಾತಿ, ಹುಟ್ಟಿದ ಮಗುವಿಗಷ್ಟೇ. ಅಲ್ಲಿ ಇಲ್ಲವೆಂದಾದರೆ, ಹಳೆಯ ಕೆಲಸ ಬಿಡುವ ಮೊದಲೇ ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ 'ಮೈಗ್ರೇಷನ್' ಅರ್ಜಿ ಹಾಕಿ. ಗ್ರೂಪ್‌ನಲ್ಲಿ ಕಳೆದ ವರ್ಷಗಳು ಕಾಯುವ ಅವಧಿಯಲ್ಲಿ ವಜಾ ಆಗುತ್ತವೆ.

ಹಳೆಯ ತೆರಿಗೆ ಪದ್ಧತಿಯಲ್ಲಿದ್ದರೆ, ಸಂಬಳದಿಂದ ಕಡಿತವಾದ ಈ ಮೊತ್ತಕ್ಕೆ ತೆರಿಗೆ ವಿನಾಯಿತಿಯುಂಟು. ತಂದೆ-ತಾಯಿ ಹಿರಿಯ ನಾಗರಿಕರಾದರೆ ಮಿತಿ 50,000. ಹೊಸ ಪದ್ಧತಿಯಲ್ಲಿ ಅದಿಲ್ಲ.